ಭೂಮಿಯ ಒಡಲು ಇನ್ನೂ ಏಕೆ ಆರಿಲ್ಲ?

ಪ್ರಶ್ನೆ: ನಮ್ಮ ಆಲೆಮನೆಯ ಒಲೆ ಆರಿಸಿದರೆ ಎರಡು ಮೂರು ದಿನಕ್ಕೆ ಪೂರ್ತಿ ತಣ್ಣಗಾಗುತ್ತದೆ. ಭೂಮಿ ಹುಟ್ಟಿ 450 ಕೋಟಿ ವರ್ಷವಾಯಿತು ಎನ್ನುತ್ತಾರೆ. ಅದರ ಒಳಗೆ ಇನ್ನೂ ಏನು ಉರಿಯುತ್ತಿದೆ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಉರಿಯುತ್ತಿರುವುದು ಏನೂ ಇಲ್ಲ. ಭೂಮಿ ರೂಪುಗೊಳ್ಳುವಾಗ ಬಂದಪ್ಪಳಿಸಿದ ಕಾಯಗಳಿಂದಲೂ, ಕಬ್ಬಿಣ ಕರಗಿ ನಡುವಿಗೆ ಕುಸಿದದ್ದರಿಂದಲೂ ಹುಟ್ಟಿದ ಶಾಖ ಅಲ್ಲಿ ಇನ್ನೂ ಉಳಿದಿದೆ. ಜೊತೆಗೆ, ಬಂಡೆಗಳೇ ಸ್ವಲ್ಪ ಸ್ವಲ್ಪವಾಗಿ ಹೊಸ ಶಾಖವನ್ನು ಹುಟ್ಟಿಸುತ್ತಿವೆ.

ಮೊದಲು ಗಾತ್ರದ ಲೆಕ್ಕ ನೋಡೋಣ. ಕಲ್ಲಿನಲ್ಲಿ ಶಾಖ ತೆವಳುತ್ತದೆ. ಒಂದು ಮೀಟರ್ ದಪ್ಪದ ಬಂಡೆಯನ್ನು ದಾಟಲು ಅದಕ್ಕೆ ಸುಮಾರು 12 ದಿನ ಬೇಕು. ದಪ್ಪ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ: 10 ಮೀಟರಿಗೆ ಮೂರು ವರ್ಷ, ಒಂದು ಕಿಲೋಮೀಟರಿಗೆ 30 ಸಾವಿರ ವರ್ಷ. ಹೀಗೆ ತೆವಳಿದರೆ 450 ಕೋಟಿ ವರ್ಷದಲ್ಲಿ ಶಾಖ ದಾಟುವುದು 400 ಕಿ.ಮೀ. ಆಸುಪಾಸು ಮಾತ್ರ. ಭೂಮಿಯ ಕೇಂದ್ರವಿರುವುದು 6,370 ಕಿ.ಮೀ. ಆಳದಲ್ಲಿ.

ಇದೇ ತರ್ಕ ಹಿಡಿದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1862ರಲ್ಲಿ ಎಡವಿದರು. ಗಣಿಗಳಲ್ಲಿ ಆಳಕ್ಕೆ ಇಳಿದಂತೆ ಬಿಸಿ ಏರುತ್ತದೆ. ಶಾಖ ಬರೀ ತೆವಳಿ ಹೊರಬರುವುದಾದರೆ, ಕಾಲ ಕಳೆದಂತೆ ಆ ಏರಿಕೆ ಮಂದವಾಗುತ್ತಾ ಹೋಗಬೇಕು. ಅದು ಇನ್ನೂ ಚುರುಕಾಗಿಯೇ ಇರುವುದರಿಂದ ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದೊಳಗೆ ಎಂದರು. ಕೆಲವು ಪರಮಾಣುಗಳು ತಾವಾಗಿಯೇ ಕ್ಷಯಿಸಿ ಶಾಖ ಬಿಡುವ ವಿಕಿರಣಶೀಲತೆ ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ತಪ್ಪಿದರು ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯವೂ ಅಲ್ಲ. ಅವರ ಸಹಾಯಕರಾಗಿದ್ದ ಜಾನ್ ಪೆರಿ 1895ರಲ್ಲೇ ನಿಜವಾದ ಲೋಪವನ್ನು ತೋರಿಸಿದ್ದರು: ಒಳಗಿನ ಪದಾರ್ಥ ನಿಧಾನವಾಗಿ ಹರಿಯುವಂಥದ್ದಾದರೆ, ಅದು ಆಳದ ಶಾಖವನ್ನು ಮೇಲಕ್ಕೆ ಹೊತ್ತು ತಂದು ಹೊರಪದರದ ಬುಡವನ್ನು ಬಿಸಿಯಾಗಿಯೇ ಇಡುತ್ತದೆ. ಆಗ ಬಹಳ ಹಳೆಯ ಭೂಮಿಯಲ್ಲೂ ಗಣಿಯ ಬಿಸಿ ಚುರುಕಾಗಿ ಏರುತ್ತದೆ. ಇಂದು ನಮಗೆ ತಿಳಿದಿರುವಂತೆ, ಭೂಮಿಯ ನಡುಪದರದ ಬಂಡೆ ಘನವಾಗಿದ್ದರೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಹರಿಯುತ್ತದೆ.

ಹಾಗೆ ಹರಿದರೆ ಶಾಖ ಬೇಗ ಖರ್ಚಾಗಬೇಕಲ್ಲ? ಖರ್ಚಾಗುತ್ತಿದೆ, ಆದರೆ ಸುಮಾರು ಅರ್ಧದಷ್ಟು ಮತ್ತೆ ತುಂಬುತ್ತಿದೆ. ಚಾಮುಂಡಿ ಬೆಟ್ಟದ ಕಲ್ಲನ್ನು ಹತ್ತಿರದಿಂದ ನೋಡಿ. ಅದರ ದಪ್ಪ ಹರಳುಗಳಾದ ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಸಿಯಂ ಇದೆ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ವಿಕಿರಣಶೀಲ. ಗ್ರಾನೈಟ್‌ನಲ್ಲಿ ಯುರೇನಿಯಂ, ಥೋರಿಯಂಗಳೂ ತುಸು ಇರುತ್ತವೆ. ಇವು ಕ್ಷಯಿಸುವಾಗ ಬಿಡುವ ಶಾಖ ಎಷ್ಟು ಅಲ್ಪವೆಂದರೆ, ಒಂದು ಘನ ಕಿಲೋಮೀಟರ್ ಗ್ರಾನೈಟ್‌ನಿಂದ ಸಿಗುವುದು ಎರಡು ಮೂರು ಕಿಲೋವಾಟ್. ಕೈಯಲ್ಲಿ ಹಿಡಿದರೆ ಏನೂ ತಿಳಿಯದು. ಆಳದ ಬಂಡೆಗಳಲ್ಲಿ ಈ ಧಾತುಗಳು ಇನ್ನೂ ವಿರಳ, ಆದರೆ ಬಂಡೆಯ ರಾಶಿ ಅಗಾಧ. ಥೋರಿಯಂ ಅರ್ಧಕ್ಕಿಳಿಯಲು 1,400 ಕೋಟಿ ವರ್ಷ ಬೇಕು, ಹಾಗಾಗಿ ಈ ದಾಸ್ತಾನು ಸದ್ಯಕ್ಕೆ ಮುಗಿಯುವುದಿಲ್ಲ. ಇದು ಬರೀ ಅಂದಾಜಲ್ಲ. ಈ ಕ್ಷಯದಿಂದ ಹೊಮ್ಮುವ ಪ್ರತಿನ್ಯೂಟ್ರಿನೊ ಕಣಗಳನ್ನು ಜಪಾನಿನ ಕಾಮ್‌ಲ್ಯಾಂಡ್ ಪ್ರಯೋಗ ಎಣಿಸಿ, ಸುಮಾರು ಅರ್ಧ ಎಂಬ ಉತ್ತರವನ್ನೇ 2011ರಲ್ಲಿ ಕೊಟ್ಟಿತು.

ಒಟ್ಟು ಹೊರಬರುವ ಶಾಖವನ್ನು ಭೂಮಿಯ ಮೈಗೆಲ್ಲ ಹಂಚಿದರೆ ಒಂದು ಗುಂಟೆಗೆ 9 ವಾಟ್ ಬೀಳುತ್ತದೆ. ನಿಮ್ಮ ಮಂಡ್ಯದ ಹಳೆಯ ಶಿಲಾನೆಲದಲ್ಲಿ ಅದರ ಅರ್ಧವೂ ಇಲ್ಲ. ತುಂಬುವುದಕ್ಕಿಂತ ಹೋಗುವುದು ಹೆಚ್ಚಾದ್ದರಿಂದ ನಡುಪದರ ಆರುತ್ತಲೇ ಇದೆ, ನೂರು ಕೋಟಿ ವರ್ಷಕ್ಕೆ 50ರಿಂದ 100 ಡಿಗ್ರಿಯಂತೆ.