32ನೇ ವಾರದಲ್ಲಿ ಬಿಪಿ 144/92, ಕಾಲು ಊತ

ಪ್ರಶ್ನೆ: ನನಗೀಗ ಬಸಿರಿನ 32ನೇ ವಾರ. ಕಾಲು ಊದಿದೆ, ಮನೆಯ ಮಷಿನ್‌ನಲ್ಲಿ ಬಿಪಿ 144/92 ಬಂತು. ಮುಂದಿನ ವಾರ ಚೆಕಪ್ ಇದೆ, ಅಲ್ಲಿವರೆಗೂ ಕಾಯಬಹುದಾ?

ಉತ್ತರ: ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಾಲಿನ ಊತ ಎಷ್ಟೋ ಬಸುರಿಯರಿಗೆ ಇದ್ದದ್ದೇ. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ ಜಾಸ್ತಿ ಗಮನ ಕೊಡಬೇಕು. ಆದರೆ ಇಲ್ಲಿ ಮುಖ್ಯವಾದದ್ದು ಬಿಪಿ. 20 ವಾರದ ನಂತರ ಅದು 140/90 ದಾಟಿದರೆ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಲ್ಲಿ ಬಿಪಿ ಏರಿ ಬರುವ ಕಾಯಿಲೆ, ಇದೆಯಾ ಎಂದು ನೋಡಲೇಬೇಕು.

ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪದರಕ್ಕೆ ಪೆಟ್ಟಾಗಿ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಪ್ರೋಟೀನ್ 1+ ಬಂದರೆ ಲ್ಯಾಬ್‌ನಲ್ಲಿ ಖಚಿತ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಬಿಳಿಸೆರಗು ಬೆರೆತರೂ ಪಟ್ಟಿ ಬಣ್ಣ ತಿರುಗುತ್ತದೆ. ಪ್ರೋಟೀನ್ ಇಲ್ಲದಿದ್ದರೂ ನಿರಾಳ ಅಲ್ಲ, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಲಿವರ್ ಕೂಡ ನೋಡುತ್ತಾರೆ.

ಮನೆಯಲ್ಲಿ ಅಳೆಯುವಾಗ ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ 5 ನಿಮಿಷ ಸುಮ್ನೆ ಕೂತಿರಿ. ತೋಳು ಎದೆಯ ಮಟ್ಟಕ್ಕಿರಲಿ. ತೋಳಿಗೆ ಬಿಗಿಯಾಗುವ ಸಣ್ಣ ಪಟ್ಟಿ ಬಿಪಿಯನ್ನು ಹೆಚ್ಚು ತೋರಿಸುತ್ತದೆ (ನಮ್ಮಕ್ಕನಿಗೆ ಹಾಗೇ ಆಗಿತ್ತು). ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡನ್ನೂ ಬರೆದಿಡಿ.

160/110 ಬಂದರೆ, ಅಥವಾ ಬಿಪಿ ಎಷ್ಟೇ ಇರಲಿ ಬಿಡದ ತಲೆನೋವು, ಕಣ್ಣು ಮಂಜು, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರಾಟದ ತೊಂದರೆ ಬಂದರೆ ನೇರ ಆಸ್ಪತ್ರೆಗೆ ಹೋಗಿ.