ಮುಖ ಮಾತ್ರ ಬೇಕು, ಮದುವೆ ಸೀರೆ ಬೇಡ: ರೆಫರೆನ್ಸ್ ಫೋಟೊ ಸೋರುವುದನ್ನು ತಡೆಯುವುದು ಹೇಗೆ?

ಪ್ರಶ್ನೆ: ಎಐ ಚಿತ್ರ ಮಾಡುವ ಕಂಫಿಯುಐನಲ್ಲಿ, ಫೋಟೊ ನೋಡಿ ಅದರಂತೆ ಚಿತ್ರ ಮಾಡಿಸುವ ಐಪಿ-ಅಡಾಪ್ಟರ್‌ಗೆ ಅಕ್ಕನ ಮದುವೆ ಫೋಟೊ ಒಂದನ್ನು ಕೊಟ್ಟಿದ್ದೇನೆ. ಅದೇ ಮುಖ, ನೀಲಿ ಕಾಟನ್ ಕುರ್ತಾ, ಹಿಂದೆ ಲೈಬ್ರರಿ ಬೇಕು. ಆದರೆ ಪ್ರತಿ ಸಲ ಕುತ್ತಿಗೆ ಹತ್ತಿರ ಕೆಂಪು ರೇಷ್ಮೆ, ಹಿಂದೆ ಚೆಂಡು ಹೂವಿನ ಬಣ್ಣ ಬರುತ್ತೆ. ಫೋಟೊದ ಪ್ರಭಾವ ಎಷ್ಟಿರಬೇಕು ಅಂತ ಹೇಳುವ `weight` ಇಳಿಸಿದರೆ ಮುಖವೇ ಬೇರೆಯವರದ್ದಾಗುತ್ತೆ. ಮುಖಕ್ಕೆ ಮಾಸ್ಕ್ ಹಾಕಿದರೂ ಹೋಗಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು `seed` ಬದಲಿಸದೆ, `weight` ಸೊನ್ನೆ ಮಾಡಿ ಒಂದು ಚಿತ್ರ ತೆಗೆಯಿರಿ. ಕೆಂಪು ಮಾಯವಾದರೆ ಅದು ಫೋಟೊದಿಂದಲೇ ಬಂದದ್ದು. ಆಗಲೂ ಉಳಿದರೆ ಪ್ರಾಂಪ್ಟಿನಲ್ಲೋ, ಮಾಡೆಲ್‌ಗೆ ಸೇರಿಸಿಕೊಂಡ ಲೋರಾ ಫೈಲಿನಲ್ಲೋ ಹುಡುಕಬೇಕು. ನೀವು ಹೇಳುವುದನ್ನು ನೋಡಿದರೆ ಫೋಟೊದ್ದೇ ಕೆಲಸ ಅನಿಸುತ್ತದೆ.

ಐಪಿ-ಅಡಾಪ್ಟರ್ ನಿಮ್ಮ ಫೋಟೊವನ್ನು ಕ್ಲಿಪ್ ಎಂಬ ಮಾಡೆಲ್ ಮೂಲಕ ನೋಡುತ್ತದೆ. ಅದಕ್ಕೆ ಮುಖ ಮುಖ್ಯ, ಸೀರೆ ಬೇಡ ಅಂತ ಗೊತ್ತಿಲ್ಲ. ಫೋಟೊದಲ್ಲಿ ಕಂಡದ್ದನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಅದೂ 224 × 224 ಪಿಕ್ಸೆಲ್‌ನ ಪುಟ್ಟ ಚೌಕಕ್ಕೆ ಇಳಿಸಿ. ಫೋಟೊ ಉದ್ದುದ್ದವಾಗಿದ್ದರೆ ಸಾಮಾನ್ಯವಾಗಿ ಮಧ್ಯದ ಚೌಕವನ್ನಷ್ಟೇ ಇಟ್ಟುಕೊಂಡು ಮೇಲೆ ಕೆಳಗೆ ಕತ್ತರಿಸುತ್ತದೆ. ನಿಂತು ತೆಗೆಸಿಕೊಂಡ ಮದುವೆ ಫೋಟೊದ ಮಧ್ಯದಲ್ಲಿ ಏನಿರುತ್ತೆ? ಸೆರಗು, ಹಾರ, ಅಂಚು. ಮುಖ ಮೇಲಿನ ತುದಿಗೆ ಸಿಕ್ಕಿಕೊಂಡಿರುತ್ತದೆ, ಅರ್ಧ ಕತ್ತರಿಸಿ ಹೋಗಿದ್ದರೂ ಆಶ್ಚರ್ಯವಿಲ್ಲ. ಅಂದರೆ ನೀವು ಕೊಟ್ಟದ್ದು ಹೆಚ್ಚುಕಡಿಮೆ ಸೀರೆಯ ಫೋಟೊ. `weight` ಇಳಿಸಿದರೆ ಸೀರೆಯ ಜೊತೆ ಮುಖವೂ ಮಾಸುವುದು ಇದಕ್ಕೇ.

ಹಾಗಾಗಿ ಫೋಟೊವನ್ನು ನೀವೇ ಚೌಕಾಕಾರವಾಗಿ ಕತ್ತರಿಸಿ. ಮೇಲೆ ಹಣೆಯ ಕೂದಲಂಚು, ಕೆಳಗೆ ಗಲ್ಲ, ಪಕ್ಕದಲ್ಲಿ ಕಿವಿ, ಅಷ್ಟು ಸಾಕು. ಕುತ್ತಿಗೆ ಬೇಡ. ಮೂಲೆಗಳಲ್ಲಿ ಉಳಿಯುವ ಹೂವಿನ ಅಲಂಕಾರ, ಜುಮುಕಿ, ಮುಡಿದ ಮಲ್ಲಿಗೆ ಇವನ್ನೆಲ್ಲ ಯಾವುದಾದರೂ ಎಡಿಟರ್‌ನಲ್ಲಿ ತಿಳಿ ಬೂದು ಬಣ್ಣದಿಂದ ಮುಚ್ಚಿ. ವೇದಿಕೆಯ ಹಳದಿ ಲೈಟು ಮುಖದ ಮೇಲೆ ಬಿದ್ದಿದ್ದರೆ ವೈಟ್ ಬ್ಯಾಲೆನ್ಸ್ ಸರಿಮಾಡಿ, ಇಲ್ಲದಿದ್ದರೆ ಆ ಹಳದಿಯೂ ಚಿತ್ರಕ್ಕೆ ಇಳಿಯುತ್ತದೆ. ಮಾಡೆಲ್ ಕೂಡ ಬದಲಿಸಿ. ಸ್ಟೇಬಲ್ ಡಿಫ್ಯೂಷನ್ 1.5 ಬಳಸುತ್ತಿದ್ದರೆ `ip-adapter-plus-face_sd15` ಇದೆ. ಇದನ್ನು ಕತ್ತರಿಸಿದ ಮುಖಗಳ ಮೇಲೇ ತರಬೇತು ಮಾಡಿದ್ದಾರೆ, ಪೂರ್ತಿ ಫೋಟೊ ಕೊಟ್ಟರೆ ಇದೂ ಸೀರೆಯನ್ನು ಎಳೆದು ತರುತ್ತದೆ.

ಬೂದು ಬಣ್ಣಕ್ಕೂ ಒಂದು ತೊಂದರೆ ಇದೆ. ಅದೂ ಸೋರುತ್ತದೆ. ಲೈಬ್ರರಿ ಕೇಳಿದರೆ ಸ್ಟುಡಿಯೊ ಪರದೆಯಂಥ ಗೋಡೆ ಬರಬಹುದು. ಹಾಗಾದರೆ `start_at` ಅನ್ನು 0.2ಕ್ಕೆ ಇಡಿ. 30 ಸ್ಟೆಪ್‌ಗಳಲ್ಲಿ ಮೊದಲ ಸುಮಾರು ಆರು ಪ್ರಾಂಪ್ಟಿಗೇ ಸಿಗುತ್ತವೆ. ಚಿತ್ರದ ಒಟ್ಟು ರಚನೆ, ದೊಡ್ಡ ಬಣ್ಣಗಳು ನಿಲ್ಲುವುದು ಆ ಶುರುವಿನ ಸ್ಟೆಪ್‌ಗಳಲ್ಲೇ. ಫೋಟೊ ಆಮೇಲೆ ಬಂದು ಸೇರುತ್ತದೆ. `weight` 0.7ರ ಸುಮಾರಿನಿಂದ ಶುರುಮಾಡಿ. ಫೋಟೊ ಕತ್ತರಿಸಿದ ಮೇಲೆ ಅಷ್ಟರಲ್ಲೇ ಮುಖ ಸಾಮಾನ್ಯವಾಗಿ ನಿಲ್ಲುತ್ತದೆ.

ಈಗ ನಿಮ್ಮ ಮಾಸ್ಕ್ ವಿಷಯ. ಬಹಳ ಜನ ಇಲ್ಲೇ ಎಡವುತ್ತಾರೆ. `IPAdapter Advanced` ನೋಡ್‌ನ `attn_mask` ರೆಫರೆನ್ಸ್ ಫೋಟೊದ ಹಿನ್ನೆಲೆಯನ್ನು ಅಳಿಸುವುದಿಲ್ಲ. ಹೊಸ ಚಿತ್ರದ ಯಾವ ಜಾಗದಲ್ಲಿ ಫೋಟೊದ ಪ್ರಭಾವ ಇರಬೇಕು ಅನ್ನುವುದನ್ನು ಅದು ಹೇಳುತ್ತದೆ, ಬಿಳಿ ಇದ್ದಲ್ಲಿ ಮಾತ್ರ. ನೀವು ಅಕ್ಕನ ಫೋಟೊದ ಮುಖದ ಮಾಸ್ಕ್ ಹಾಕಿದ್ದರೆ, ಅದು ಹೊಸ ಚಿತ್ರದ ಇನ್ನೆಲ್ಲೋ ಬಿದ್ದಿರುತ್ತದೆ. ಹೊಸ ಚಿತ್ರದಲ್ಲಿ ಮುಖ ಎಲ್ಲಿ ಬರುತ್ತದೋ ಅಲ್ಲಿಗೆ ಮಾಸ್ಕ್ ಬರೆಯಬೇಕು, ಸ್ವಲ್ಪ ದೊಡ್ಡದಾಗಿ, ಅಂಚು ಮೆತ್ತಗೆ ಮಾಡಿ.

ಆದರೆ ಮುಖ ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿರಲ್ಲ, ಅಲ್ವಾ? ಅದಕ್ಕೇ ನಿಮ್ಮಂಥ ಕೆಲಸಕ್ಕೆ ನಾನು ಎರಡು ಹಂತದ ದಾರಿಯನ್ನೇ ಹೇಳುವುದು. ಅಡಾಪ್ಟರ್ ಇಲ್ಲದೆ ಲೈಬ್ರರಿ, ನೀಲಿ ಕುರ್ತಾ, ಯಾರೋ ಒಬ್ಬ ಹೆಣ್ಣುಮಗಳು, ಇಷ್ಟನ್ನು ಮೊದಲು ಮಾಡಿ. ಇಷ್ಟವಾದ ಚಿತ್ರ ಸಿಕ್ಕ ಮೇಲೆ ಮುಖಕ್ಕಷ್ಟೇ ಮಾಸ್ಕ್ ಹಾಕಿ, ಅಡಾಪ್ಟರ್ ಸೇರಿಸಿ, `denoise` 0.6ರಷ್ಟಿಟ್ಟು ಇನ್‌ಪೇಂಟ್ ಮಾಡಿ. ಮುಖ ಸಾಕಷ್ಟು ಬದಲಾಗದಿದ್ದರೆ 0.7ಕ್ಕೆ ಏರಿಸಿ. ಕೊನೆಗೆ ಮಾಸ್ಕ್‌ನ ಭಾಗವನ್ನು ಮಾತ್ರ ಮೊದಲಿನ ಚಿತ್ರದ ಮೇಲೆ ಕೂರಿಸಿ. ಆಗ ಮಾಸ್ಕ್ ಹೊರಗಿನದ್ದು ಹಾಗೇ ಇರುವುದರಿಂದ ಸೀರೆಗೆ ನುಗ್ಗಲು ಜಾಗವೇ ಇಲ್ಲ. ಕುತ್ತಿಗೆಗೂ ಮುಖಕ್ಕೂ ಮೈಬಣ್ಣ ಬೇರೆಯಾಗಿ ಕಂಡರೆ ಮಾಸ್ಕನ್ನು ಗಲ್ಲದಿಂದ ಸ್ವಲ್ಪ ಕೆಳಗೆ ಎಳೆದು ಮತ್ತೆ ಮಾಡಿ.

ಫೇಸ್‌ಐಡಿ ಮಾಡೆಲ್‌ಗಳೂ ಇವೆ. ಅವುಗಳಲ್ಲಿ ಇನ್‌ಸೈಟ್‌ಫೇಸ್ ಎಂಬ ಮುಖ ಗುರುತಿಸುವ ಟೂಲ್ ಮುಖವನ್ನು ಹುಡುಕಿ, ಅದನ್ನಷ್ಟೇ 512 ಸಂಖ್ಯೆಗಳಾಗಿ ಮಾಡುತ್ತದೆ. ಬಟ್ಟೆ, ಮಂಟಪ ಅದರೊಳಗೆ ಬರುವುದೇ ಇಲ್ಲ. ಕೂದಲೂ ಹೆಚ್ಚುಕಡಿಮೆ ಬರುವುದಿಲ್ಲ, ಅದನ್ನು ಪ್ರಾಂಪ್ಟಿನಲ್ಲಿ ಬರೆಯಬೇಕು. ದುಡ್ಡಿನ ಕೆಲಸಕ್ಕಾದರೆ ಲೈಸೆನ್ಸ್ ನೋಡಿಕೊಳ್ಳಿ: ಇನ್‌ಸೈಟ್‌ಫೇಸ್ ತಾನು ಕೊಡುವ ಮಾಡೆಲ್‌ಗಳನ್ನು ವಾಣಿಜ್ಯೇತರ ಸಂಶೋಧನೆಗೆ ಮಾತ್ರ ಬಿಟ್ಟಿದೆ.