ಸರ್ಟಿಫಿಕೇಟ್ ಕೊಟ್ಟ ಮೇಲೂ ಎರಡನೇ ಅಭಿಪ್ರಾಯ

"ಕೇಂದ್ರ ಸರ್ಕಾರಿ ನೌಕರ. ಟೈಫಾಯಿಡ್‌ಗೆ 12 ದಿನ ರಜೆ ಕೇಳಿದ್ದೀನಿ. ಸರ್ಟಿಫಿಕೇಟ್ ಇದ್ರೂ ಬೇರೆ ಡಾಕ್ಟರ್ ಹತ್ರ ಕಳಿಸಬಹುದಾ?"

ಕಳಿಸಬಹುದು ಸರ್. 1972ರ ರಜಾ ನಿಯಮಗಳ 19ನೇ ನಿಯಮದಂತೆ, ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ರಜೆ ಹಕ್ಕಾಗುವುದಿಲ್ಲ. ಅಧಿಕಾರಿ ಸರ್ಕಾರಿ ವೈದ್ಯರ ಅಭಿಪ್ರಾಯ ಕೇಳಬಹುದು, ಆದರೆ ಆದಷ್ಟು ಬೇಗ ಕೇಳಬೇಕು. ಆ ವೈದ್ಯರು ಎರಡು ವಿಷಯ ಹೇಳಬೇಕು: ಕಾಯಿಲೆ ನಿಜವೇ, ಇಷ್ಟು ದಿನ ಬೇಕೇ. ಎರಡನೆಯದರಲ್ಲೇ ಜಾಸ್ತಿ ತಕರಾರು. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಸುಮ್ನೆ "ವಿಶ್ರಾಂತಿ ಬೇಕು" ಅಂತ ಬರೆದಿದ್ದರೆ ಸಾಲದು. ಕಾಯಿಲೆಯ ಹೆಸರು, ಯಾವ ತಾರೀಖಿನಿಂದ ಎಷ್ಟು ದಿನ ಅನ್ನುವುದು ಇರಲಿ. ಜ್ವರ ಬಿಟ್ಟ ಮೇಲೆ ಪರೀಕ್ಷಿಸಿದರೆ ಏನೂ ಕಾಣಿಸದು, ಅಲ್ವಾ? ಅದಕ್ಕೇ ರಕ್ತಪರೀಕ್ಷೆಯ ವರದಿ, ಔಷಧಿ ಚೀಟಿ ಜೊತೆಗಿಡಿ. ಅರ್ಧವೇತನ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಳ್ಳುವ ಪರಿವರ್ತಿತ ರಜೆ ಕೇಳಿದ್ದರೆ, ಅರ್ಧವೇತನ ರಜೆಯಿಂದ ದುಪ್ಪಟ್ಟು, ಅಂದರೆ 24 ದಿನ ಕಳೆಯುತ್ತಾರೆ. ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಡ್ಯೂಟಿಗೆ ಸೇರಿಸಿಕೊಳ್ಳುವುದಿಲ್ಲ.